ಒಂದೇ ಊರಿನವರ ಶಿಫ್ಟ್‌ಗೆ ನಾರ್ಮಲೈಸೇಶನ್ ಸರಿಯೇ?

ಮಾನ್ಯ ಸಂಪಾದಕರೇ,

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ನಾನು ಗಣಿತ ಹೇಳಿಕೊಡುತ್ತೇನೆ. ಹಲವು ಶಿಫ್ಟ್‌ಗಳ ಪರೀಕ್ಷೆಯ ರಿಸಲ್ಟ್ ಬಂದಾಗಲೆಲ್ಲ ಚಹಾದಂಗಡಿಯಲ್ಲಿ ಒಂದೇ ದೂರು: ‘ಸರ್, ನನಗೆ 70 ಬಂದರೂ 62 ಬಂದವನು ನನಗಿಂತ ಮೇಲಿದ್ದಾನೆ. ಇದು ಮೋಸ ಅಲ್ವಾ?’

ಮೋಸ ಆಗಿರಬೇಕೆಂದೇನಿಲ್ಲ. ಪ್ರತಿ ಶಿಫ್ಟ್‌ಗೂ ಬೇರೆ ಪೇಪರ್, ಒಂದು ಸುಲಭ, ಒಂದು ಕಷ್ಟ; ಆ ವ್ಯತ್ಯಾಸವನ್ನು ಸರಿದೂಗಿಸುವ ಲೆಕ್ಕವೇ ನಾರ್ಮಲೈಸೇಶನ್. ಎಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್ ಪರೀಕ್ಷೆ ನಡೆಸುವ ಎನ್‌ಟಿಎ ಬಳಸುವ ಪರ್ಸೆಂಟೈಲ್ ಲೆಕ್ಕವನ್ನೇ ನೋಡಿ. ಬೆಳಗಿನ ಶಿಫ್ಟ್‌ನಲ್ಲಿ 20,000 ಜನ ಬರೆದರು, ಅವರಲ್ಲಿ 18,000 ಜನರಿಗೆ 70 ಅಥವಾ ಅದಕ್ಕಿಂತ ಕಡಿಮೆ ಬಂತು ಎಂದುಕೊಳ್ಳಿ. ಆಗ 70ಕ್ಕೆ ಪರ್ಸೆಂಟೈಲ್ 90. ಮಧ್ಯಾಹ್ನ ಪೇಪರ್ ಕಷ್ಟವಿತ್ತು. ಅಲ್ಲೂ 20,000 ಜನ, ಆದರೆ 62 ಅಥವಾ ಅದಕ್ಕಿಂತ ಕಡಿಮೆ ತೆಗೆದವರು 18,200. ಅಲ್ಲಿ 62ಕ್ಕೇ 91. ಹುಡುಗರು ಇಷ್ಟನ್ನು ಒಪ್ಪುತ್ತಾರೆ, ಗೊಣಗುತ್ತಲೇ.

ನನ್ನ ತಕರಾರು ಬೇರೆ. ಈ ಲೆಕ್ಕ ನಿಂತಿರುವುದು ಒಂದು ನಂಬಿಕೆಯ ಮೇಲೆ: ಎರಡೂ ಶಿಫ್ಟ್‌ಗಳಲ್ಲಿ ಕೂತವರು ಒಟ್ಟಾರೆ ಒಂದೇ ಮಟ್ಟದವರು. ದೊಡ್ಡ ಶಿಫ್ಟ್‌ಗಳಿಗೆ ಚೀಟಿ ಎತ್ತಿದ ಹಾಗೆ ಜನರನ್ನು ಹಂಚಿದರೆ ಅದು ಬಹುಮಟ್ಟಿಗೆ ನಿಜ.

ಆದರೆ ಧಾರವಾಡದಲ್ಲಿ ನನ್ನ ಒಬ್ಬ ವಿದ್ಯಾರ್ಥಿನಿಯ ಸೆಂಟರ್‌ನಲ್ಲಿ ಪರೀಕ್ಷೆಯ ನಡುವೆ ಕಂಪ್ಯೂಟರ್‌ಗಳು ನಿಂತುಹೋದವು. ಆ ಸೆಂಟರ್‌ನವರಿಗಷ್ಟೇ ಇನ್ನೊಂದು ದಿನ ಬೇರೆ ಪೇಪರ್ ಕೊಟ್ಟರು. ಲೆಕ್ಕಕ್ಕೆ 400 ಜನ ಎನ್ನಿ. ಅವರಲ್ಲಿ 40 ಜನ ಅವಳಿಗಿಂತ ಮೇಲಿದ್ದರೆ ಅವಳ ಪರ್ಸೆಂಟೈಲ್ 90. ಅಂದರೆ ಬೆಳಗಿನ ಶಿಫ್ಟ್‌ನ ಆ 70 ಅಂಕದ ಹುಡುಗನಿಗೆ ಸಮ. ಆದರೆ ಧಾರವಾಡದ ಸೆಂಟರ್‌ನಲ್ಲಿ ಕೂರುವವರು ಯಾರು? ರೂಮ್ ಮಾಡಿಕೊಂಡು, ಮೂರು ವರ್ಷದಿಂದ ಲೈಬ್ರರಿಯಲ್ಲಿ ಕೂತು ಓದಿದವರೇ ಜಾಸ್ತಿ. ಅಂಥವರೆಲ್ಲ ಚೆನ್ನಾಗಿ ಬರೆದರೆ ಈ ಲೆಕ್ಕ ‘ಪೇಪರ್ ಸುಲಭವಿತ್ತು’ ಎಂದೇ ಓದಿಕೊಳ್ಳುತ್ತದೆ. ಪೇಪರ್ ಸುಲಭವಿತ್ತೋ, ಬರೆದವರು ಗಟ್ಟಿ ಇದ್ದರೋ ಎಂದು ಬೇರೆ ಮಾಡಿ ನೋಡುವ ಶಕ್ತಿ ಅದಕ್ಕಿಲ್ಲ. ತಯಾರಿ ಕಡಿಮೆ ಇದ್ದವರ ಗುಂಪಾದರೆ ಉಲ್ಟಾ, ಪುಕ್ಕಟೆ ಲಾಭ.

ಎರಡೂ ಪೇಪರ್‌ಗಳಲ್ಲಿ ಹತ್ತಿಪ್ಪತ್ತು ಪ್ರಶ್ನೆ ಒಂದೇ ಇಟ್ಟರೆ ಗುಂಪುಗಳ ಮಟ್ಟವನ್ನು ಹೋಲಿಸಬಹುದು. ಆದರೆ ಬೆಳಿಗ್ಗೆ ಬರೆದವರು ಮಧ್ಯಾಹ್ನದವರಿಗೆ ಫೋನ್ ಮಾಡುವುದನ್ನು ತಡೆಯುವವರು ಯಾರು? ಅದಕ್ಕಿಂತ ಸುಲಭದ ದಾರಿ ಇದೆ. ಕೆಟ್ಟುಹೋದ ಸೆಂಟರ್‌ನವರಿಗೇ ಒಂದು ಶಿಫ್ಟ್ ಮಾಡಬಾರದು. ಇನ್ನೂ ಬಾಕಿ ಇರುವ ದೊಡ್ಡ ಶಿಫ್ಟ್‌ಗಳಿಗೆ ಅವರನ್ನು ಚದುರಿಸಬೇಕು. ಕೊನೆಯ ದಿನವೇ ಕೆಟ್ಟರೆ ಏನು ಎನ್ನಬಹುದು. ಅದಕ್ಕೆಂದೇ ಬೇರೆ ಊರುಗಳವರನ್ನೂ ಸೇರಿಸಿದ ಒಂದು ಶಿಫ್ಟನ್ನು ಮೊದಲೇ ಕೊನೆಗೆ ಇಟ್ಟುಕೊಳ್ಳಲಿ.

ಜೊತೆಗೆ, ರಿಸಲ್ಟ್ ಬಿಡುವ ದಿನ ಪ್ರತಿ ಶಿಫ್ಟ್‌ನಲ್ಲಿ ಎಷ್ಟು ಜನ ಬರೆದರು, ಯಾವ ಅಂಕಕ್ಕೆ ಯಾವ ಪರ್ಸೆಂಟೈಲ್ ಎಂಬ ಪಟ್ಟಿಯನ್ನೂ ಹಾಕಲಿ. ಅದು ಕೈಗೆ ಸಿಕ್ಕರೆ ಆ 70ರ ಹುಡುಗನಿಗೆ ನಾನೇ ಕೂರಿಸಿ ಲೆಕ್ಕ ಮಾಡಿ ತೋರಿಸುತ್ತೇನೆ.

– ಒಬ್ಬ ಗಣಿತ ಶಿಕ್ಷಕ, ಧಾರವಾಡ