ಡಿಬಿಎಸ್‌ಗೆ ಮುನ್ನ ಮಾತ್ರೆಯ ಪರೀಕ್ಷೆ ಆಗಲಿ

ಮಾನ್ಯ ಸಂಪಾದಕರೇ,

ಪಾರ್ಕಿನ್ಸನ್ ರೋಗಿಗಳ ಮೆದುಳಿನಲ್ಲಿ ಎಲೆಕ್ಟ್ರೋಡ್ ಇಟ್ಟು ಸಣ್ಣ ಕರೆಂಟ್ ಹರಿಸುವ ಡಿಬಿಎಸ್ ಚಿಕಿತ್ಸೆಯ ಬಗ್ಗೆ ಉಡುಪಿ, ಮಂಗಳೂರಿನ ಕುಟುಂಬಗಳು ವಿಚಾರಿಸುತ್ತಿರುತ್ತವೆ. ನಿರ್ಧರಿಸುವ ಮೊದಲು, ಈ ರೋಗದ ಮುಖ್ಯ ಮಾತ್ರೆಯಾದ ಲೆವೊಡೋಪಾದ ಪರೀಕ್ಷೆಯ ಫಲಿತಾಂಶವನ್ನು ಕೇಳಿ ಪಡೆಯಿರಿ. ವೈದ್ಯರ ನಿಗಾದಲ್ಲಿ ಸುಮಾರು 12 ಗಂಟೆ ಮಾತ್ರೆ ನಿಲ್ಲಿಸಿ ಚಲನೆಗೆ ಅಂಕ ಹಾಕುತ್ತಾರೆ, ಮಾತ್ರೆ ಕೊಟ್ಟು ಮತ್ತೆ ಅಳೆಯುತ್ತಾರೆ. ತೊಂದರೆಯ ಅಂಕ 50ರಿಂದ 30ಕ್ಕೆ ಇಳಿದರೆ ಸುಧಾರಣೆ ಶೇ. 40. ಡಿಬಿಎಸ್ ಮಾಡಲು ಸಾಮಾನ್ಯವಾಗಿ ಇದು ಶೇ. 30ಕ್ಕಿಂತ ಹೆಚ್ಚು ಇರಬೇಕು. ಮಾತ್ರೆಗೆ ಜಗ್ಗದ ಬೀಳುವಿಕೆ, ಕಾಲು ನೆಲಕ್ಕಂಟಿದಂತಾಗುವುದು ಡಿಬಿಎಸ್‌ಗೂ ಸಾಮಾನ್ಯವಾಗಿ ಜಗ್ಗುವುದಿಲ್ಲ. ನಡುಕ ಇದಕ್ಕೆ ಅಪವಾದ.

ಎಲೆಕ್ಟ್ರೋಡ್ ಎಲ್ಲಿ ಎಂಬುದೂ ಮುಖ್ಯ. ಮೆದುಳಿನ ಆಳದ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಭಾಗದಲ್ಲಿಟ್ಟರೆ ಮಾತ್ರೆಯ ಪ್ರಮಾಣ ಹೆಚ್ಚು ಇಳಿಸಬಹುದು, ಆದರೆ ಮಾತು, ಮನಸ್ಥಿತಿಯ ಮೇಲೆ ಪರಿಣಾಮ ಆಗಬಹುದು. ಗ್ಲೋಬಸ್ ಪ್ಯಾಲಿಡಸ್ ಎಂಬ ಇನ್ನೊಂದು ಭಾಗದಲ್ಲಿಟ್ಟರೆ ಮಾತ್ರೆ ಅಷ್ಟು ಇಳಿಯದು, ಆದರೆ ಮೈ ತಾನಾಗಿ ಹೊರಳಾಡುವುದು ನೇರವಾಗಿ ತಗ್ಗುತ್ತದೆ. ಮರೆವು, ಖಿನ್ನತೆಯ ಲಕ್ಷಣವಿದ್ದವರಿಗೆ ಎರಡನೆಯದನ್ನೇ ಮೊದಲು ಯೋಚಿಸುವುದು ಒಳ್ಳೆಯದು.

ಆಪರೇಷನ್‌ನಲ್ಲಿ ರಕ್ತಸ್ರಾವ, ಸೋಂಕಿನ ಅಪಾಯ ಕಡಿಮೆ ಇದ್ದರೂ ಇದೆ. ನಂತರ ಮಾತು ತೊದಲಿದರೆ ಗಾಬರಿ ಬೇಡ. ಕರೆಂಟ್ ಪಕ್ಕದ ನರತಂತುಗಳಿಗೆ ಹರಡಿದ್ದರೆ ಪ್ರೋಗ್ರಾಮ್ ಬದಲಿಸಿ ಸರಿಪಡಿಸಬಹುದು. ಮೈ ಹಠಾತ್ತನೆ ಬಿಗಿದುಕೊಂಡರೆ ಡಿಬಿಎಸ್ ಸಾಧನದ ಬ್ಯಾಟರಿ ಮುಗಿದಿರಬಹುದು, ಅಂದೇ ಆಸ್ಪತ್ರೆಗೆ ಹೋಗಿ.

– ನರರೋಗ ವೈದ್ಯರೊಬ್ಬರು, ಉಡುಪಿ