ಭೇದಿ ನಿಂತರೂ ಜಿಂಕ್ ನಿಲ್ಲಿಸಬೇಡಿ

ತಾಯಂದಿರೇ, ಆಶಾ ಅಕ್ಕ ಕೊಡುವ ಓಆರ್‌ಎಸ್‌ ಜೊತೆಗಿನ ಜಿಂಕ್ ಮಾತ್ರೆಯನ್ನು ಭೇದಿ ನಿಂತ ಕೂಡಲೇ ಬಿಟ್ಟುಬಿಡುವವರಿದ್ದಾರೆ. 14 ದಿನ ಪೂರ್ತಿ ಕೊಡಿ. ಮುಂದಿನ ಕೆಲವು ತಿಂಗಳು ಮತ್ತೆ ಭೇದಿಯಾಗುವುದು ಕಡಿಮೆಯಾಗುತ್ತದೆ.

ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂನ ಒಂದು ಮಾತ್ರೆ, ಎರಡರಿಂದ ಆರು ತಿಂಗಳೊಳಗಿನ ಕೂಸಿಗೆ ಅರ್ಧ. ಚಮಚದಲ್ಲಿ ಎದೆಹಾಲು ಅಥವಾ ಕುದಿಸಿ ಆರಿಸಿದ ನೀರು ಹಾಕಿದರೆ ತಾನೇ ಕರಗುತ್ತದೆ. ಅರ್ಧ ಗಂಟೆಯೊಳಗೆ ಕಕ್ಕಿದರೆ ಇನ್ನೊಮ್ಮೆ ಕೊಡಿ.

ಓಆರ್‌ಎಸ್‌ನ ದೊಡ್ಡ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರ್ ನೀರಿಗೆ ಕಲಸಿ. ಲೋಟಕ್ಕೆ ಚಿಟಿಕೆ ಹಾಕಿದರೆ ಅಳತೆ ಕೆಡುತ್ತದೆ. ಪ್ರತಿ ಭೇದಿಗೂ ಗುಟುಕು ಗುಟುಕಾಗಿ ಕುಡಿಸಿ, ಎದೆಹಾಲು, ಊಟ ನಿಲ್ಲಿಸಬೇಡಿ. 24 ಗಂಟೆ ಕಳೆದದ್ದನ್ನು ಚೆಲ್ಲಿ.

ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ, ಕುಡಿಯಲಾಗದಿದ್ದರೆ, ಕುಡಿದದ್ದೆಲ್ಲ ಕಕ್ಕಿದರೆ, ಮಲದಲ್ಲಿ ರಕ್ತ ಕಂಡರೆ ಕಾಯದೆ ಆಸ್ಪತ್ರೆಗೆ ಹೊರಡಿ. ಎರಡು ತಿಂಗಳೊಳಗಿನ ಕೂಸಾದರೆ ಭೇದಿ ಶುರುವಾದಾಗಲೇ ತೋರಿಸಿ.