ಮೊದಲು ನಿಮಿಷ ಹೆಚ್ಚಲಿ, ವೇಗ ಆಮೇಲೆ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ಸೋಮವಾರದಿಂದ ದಿನವೂ ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು ಹಾಕುತ್ತೇನೆಂದು ಮನೆಯಲ್ಲಿ ಘೋಷಿಸಿದೆಯಂತೆ. ಸುತ್ತು ಈಗ ಬೇಡ. ನಿನಗೆ 53 ವರ್ಷ, ತೂಕ 98 ಕಿಲೋ, ದಿನವಿಡೀ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು. ಕೆರೆಯ ಅರ್ಧ ದಾರಿಯಲ್ಲಿ ಮಂಡಿ ನೋಯತೊಡಗಿದರೆ ಮುಂದೆ ಹೋದರೂ ಹಿಂದೆ ಬಂದರೂ ಅಷ್ಟೇ ದೂರ. ಮನೆಯಿಂದ ಸಮತಟ್ಟಾದ ರಸ್ತೆ ಹಿಡಿದು ಗಡಿಯಾರ ನೋಡಿಕೊಂಡು 5 ನಿಮಿಷ ನಡೆ, ಅಲ್ಲಿಂದಲೇ ತಿರುಗಿ ಬಾ. ಬೆಳಿಗ್ಗೆ ಹೀಗೆ 10 ನಿಮಿಷ, ರಾತ್ರಿ ಊಟವಾದ ಮೇಲೆ ನಿಧಾನವಾಗಿ ಇನ್ನೊಂದು 10 ನಿಮಿಷ. ಊಟದ ನಂತರದ ನಡಿಗೆ ರಕ್ತದ ಸಕ್ಕರೆ ಏಕಾಏಕಿ ಏರದಂತೆ ನೋಡಿಕೊಳ್ಳುತ್ತದೆ. ವಾರಕ್ಕೆ ಐದು ದಿನ ಸಾಕು.

ಮೊದಲ ಎರಡು ವಾರ ಇದನ್ನು ಬದಲಿಸಬೇಡ. ಮೂರನೆಯ ವಾರದಿಂದ ಬೆಳಗಿನ ನಡಿಗೆಗೆ ಮಾತ್ರ ವಾರಕ್ಕೆ 2 ನಿಮಿಷ ಸೇರಿಸು. ಏಳನೆಯ ವಾರಕ್ಕೆ 20 ನಿಮಿಷವಾಗುತ್ತದೆ, ಹನ್ನೆರಡನೆಯ ವಾರಕ್ಕೆ 30. ದಿನಕ್ಕೆ 30ರಂತೆ ಐದು ದಿನ ಎಂದರೆ ವಾರಕ್ಕೆ 150 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಕನಿಷ್ಠ ಇಷ್ಟಾದರೂ ಬೇಕೆನ್ನುತ್ತದೆ. ರಾತ್ರಿಯ ನಡಿಗೆಯನ್ನು ಲೆಕ್ಕಕ್ಕೆ ಹಿಡಿಯಬೇಡ, ಅದು ಉಳಿತಾಯ.

ಇಷ್ಟು ನಿಧಾನ ಏಕೆಂದು ನೀನು ಸಿಡುಕುತ್ತೀಯೆ, ಗೊತ್ತು. ಫಿಸಿಯೋಥೆರಪಿ ವಿಭಾಗದಲ್ಲಿ ನಾನು ಪದೇ ಪದೇ ಕಂಡದ್ದು ಇದನ್ನೇ: ಮೊದಲ ವಾರ ಏದುಸಿರು ಬಿಟ್ಟವರಿಗೆ ನಾಲ್ಕನೆಯ ವಾರಕ್ಕೆ ಉಸಿರು ಹಗುರವಾಗಿರುತ್ತದೆ, ಆ ಉತ್ಸಾಹದಲ್ಲಿ ನಡಿಗೆಯನ್ನು ಇಮ್ಮಡಿ ಮಾಡುತ್ತಾರೆ, ಆರನೆಯ ವಾರಕ್ಕೆ ಹಿಮ್ಮಡಿ ಹಿಡಿದುಕೊಂಡು ಬರುತ್ತಾರೆ. ಹೃದಯ ಮತ್ತು ಸ್ನಾಯುಗಳು ಕೆಲವೇ ವಾರಗಳಲ್ಲಿ ಹೊಸ ಕೆಲಸಕ್ಕೆ ಒಗ್ಗುತ್ತವೆ. ಅಂಗಾಲಿನ ಪಟ್ಟಿ, ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಇವಕ್ಕೆ ರಕ್ತಸಂಚಾರ ಕಡಿಮೆಯಾದ್ದರಿಂದ ತಿಂಗಳುಗಳೇ ಬೇಕು. ನಿನ್ನ 98 ಕಿಲೋ ಹೊರುವವು ಅವೇ. ಉಸಿರು ಕೊಡುವ ಧೈರ್ಯವನ್ನು ಕಾಲು ಒಪ್ಪಿಕೊಳ್ಳುವವರೆಗೆ ಕಾಯಬೇಕು.

ಕಾಲು ಒಪ್ಪಿದೆಯೇ ಎಂದು ತಿಳಿಯುವುದು ಮರುದಿನ ಬೆಳಿಗ್ಗೆ. ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆಗೆ ಹಿಮ್ಮಡಿಯ ಅಡಿ ಮೊಳೆ ಚುಚ್ಚಿದಂತಾದರೆ ಅಂಗಾಲಿನ ಪಟ್ಟಿಗೆ ಪೆಟ್ಟು ಬೀಳತೊಡಗಿದೆ ಎಂದರ್ಥ. ತೊಡೆ, ಮೀನಖಂಡಗಳಲ್ಲಿ ಹರಡಿದ ಸಣ್ಣ ನೋವಿಗೆ ಹೆದರಬೇಕಿಲ್ಲ, ಎರಡು ದಿನದಲ್ಲಿ ಹೋಗುತ್ತದೆ. ಒಂದೇ ಜಾಗದಲ್ಲಿ, ಬೆರಳಿಟ್ಟು ತೋರಿಸಬಹುದಾದ ನೋವು ಅಥವಾ ಮಂಡಿಯ ಬಾವು ಬಂದರೆ ಎರಡು ದಿನ ಬಿಟ್ಟು, ಹಿಂದಿನ ವಾರದ ನಿಮಿಷಗಳಿಗೆ ಇಳಿ. ಒಂದೇ ವಾರವನ್ನು ಮೂರು ಸಲ ಮಾಡಿದರೂ ಯೋಜನೆ ಕೆಡುವುದಿಲ್ಲ.

ವೇಗದ ಮಾತು ಏಳನೆಯ ವಾರದ ನಂತರ. ಮೊದಲ 3 ನಿಮಿಷ ನಿಧಾನವಾಗಿ ಹೋಗಿ, ಆಮೇಲೆ 1 ನಿಮಿಷ ಬಿರುಸು, 2 ನಿಮಿಷ ಮಾಮೂಲಿ ನಡಿಗೆ, ಹೀಗೆ ಮುಂದುವರಿಸಿ, ಕೊನೆಯ 3 ನಿಮಿಷ ಮತ್ತೆ ನಿಧಾನ ಮಾಡು. ಮಗ ಕೊಡಿಸಿದ ಕೈಗಡಿಯಾರದ ನಾಡಿಬಡಿತ ನೋಡಿ ವೇಗ ನಿರ್ಧರಿಸಬೇಡ. ನೀನು ಬಿಪಿಗೆ ನುಂಗುವ ಮೆಟೊಪ್ರೊಲಾಲ್ ನಾಡಿಯನ್ನು ತಗ್ಗಿಸಿಯೇ ಇಡುತ್ತದೆ. ಬಾಯಿಯೇ ಅಳತೆ: ಬಿರುಸಾಗಿ ನಡೆಯುವಾಗ ಪೂರ್ತಿ ವಾಕ್ಯ ಆಡಲು ಬರಬೇಕು, ಹಾಡಲು ಬರಬಾರದು. ಎರಡು ಪದಕ್ಕೊಮ್ಮೆ ಉಸಿರೆಳೆದುಕೊಳ್ಳುತ್ತಿದ್ದರೆ ವೇಗ ತಗ್ಗಿಸು.

ಚಪ್ಪಲಿಯಲ್ಲಿ ನಡೆಯಬೇಡ. ಹಿಮ್ಮಡಿಯನ್ನು ಬಿಗಿಯಾಗಿ ಹಿಡಿಯುವ, ಲೇಸ್ ಇರುವ ಶೂ ಬೇಕು. ಕಾಲು ತುಸು ಊದಿಕೊಂಡಿರುವ ಸಂಜೆಯ ಹೊತ್ತಿನಲ್ಲಿ ಕೊಳ್ಳು, ಬೆರಳುಗಳ ಮುಂದೆ ಹೆಬ್ಬೆರಳಗಲ ಜಾಗವಿರಲಿ. ತೊಡೆಗಳು ಉಜ್ಜಿ ಉರಿಯುವುದನ್ನು ನಾಚಿಕೆಗೆ ಯಾರೂ ಹೇಳುವುದಿಲ್ಲ, ಎಷ್ಟೋ ಗಂಡಸರು ನಡಿಗೆ ಬಿಡುವುದು ಅದಕ್ಕೇ. ಹೊರಡುವ ಮುನ್ನ ವ್ಯಾಸಲೀನ್ ಸವರಿಕೊ, ಉದ್ದನೆಯ ಒಳಚಡ್ಡಿ ಹಾಕಿಕೊ.

ತೂಕದ ಯಂತ್ರವನ್ನು ದಿನವೂ ಹತ್ತಬೇಡ. ಅರ್ಧ ಗಂಟೆಯ ನಡಿಗೆಗೆ ನಿನ್ನ ತೂಕದವನಿಗೆ ಸುಮಾರು 150 ಕ್ಯಾಲೊರಿ ಖರ್ಚಾಗುತ್ತದೆ, ನಡಿಗೆ ಮುಗಿಸಿ ಒಂದು ಮಸಾಲೆದೋಸೆ ತಿಂದರೆ ಅದಕ್ಕಿಂತ ಹೆಚ್ಚೇ ಮರಳಿ ಬರುತ್ತದೆ. ಊಟದ ವಿಷಯ ಬೇರೆ ಬರೆಯುತ್ತೇನೆ. ತಿಂಗಳಿಗೊಮ್ಮೆ ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆ, ಬಿಪಿ ಇವೆರಡನ್ನು ಬರೆದಿಡು.

ಸೋಮವಾರಕ್ಕೆ ಮೊದಲು ನಿನ್ನ ವೈದ್ಯರನ್ನು ಕಂಡು ಬಿಪಿ, ಸಕ್ಕರೆ ನೋಡಿಸು, ಇಸಿಜಿ ಬೇಕೇ ಎಂದು ಕೇಳು. ಹೋದ ಸಲ ಮೆಟ್ಟಿಲು ಹತ್ತುವಾಗ ಎದೆ ಭಾರವಾಯಿತು ಎಂದಿದ್ದೆಯಲ್ಲ, ಅದನ್ನು ಗ್ಯಾಸ್ ಎಂದು ಮುಚ್ಚಿಡದೆ ಹೇಳು. ಅವರು ಒಪ್ಪುವವರೆಗೆ ಶೂ ಕಟ್ಟಬೇಡ. ನಡೆಯುವಾಗ ಎದೆ ಬಿಗಿದರೆ, ನೋವು ದವಡೆಗೋ ಎಡತೋಳಿಗೋ ಹರಿದರೆ, ತಲೆ ತಿರುಗಿ ತಣ್ಣನೆಯ ಬೆವರು ಬಂದರೆ ಅಲ್ಲೇ ಕುಳಿತುಬಿಡು. ಮನೆಗೆ ನಡೆದು ಹೋಗಬೇಡ, 108ಕ್ಕೆ ಕರೆ ಮಾಡು. ಮೊಬೈಲ್ ಜೇಬಿನಲ್ಲೇ ಇರಲಿ. ವೈದ್ಯರು ಏನೆಂದರೆಂದು ಶನಿವಾರ ಫೋನ್ ಮಾಡಿ ತಿಳಿಸು.

ನಿನ್ನ ಅಕ್ಕ